ಅಂಗೈ ಮುಚ್ಚಿ ಓದಿದ ಪ್ರಶ್ನೆಗಳು

ಪ್ರಶ್ನೆಪತ್ರಿಕೆ ತಯಾರಿಸುವುದನ್ನು ನನಗೆ ಯಾವ ತರಬೇತಿಯೂ ಕಲಿಸಲಿಲ್ಲ. ತರಬೇತಿಗಳಲ್ಲಿ ನಾನು ಕಲಿತದ್ದು ಹೆಚ್ಚೆಂದರೆ ಉಪ್ಪಿಟ್ಟು ಮುಗಿಯುವ ಮೊದಲು ಸಾಲಿನಲ್ಲಿ ನಿಲ್ಲುವುದನ್ನು. ಪ್ರಶ್ನೆ ತೆಗೆಯುವ ವಿದ್ಯೆ ಕಲಿಸಿದ್ದು ಸುಳ್ಯ ತಾಲೂಕಿನ ಒಬ್ಬ ವಿಜ್ಞಾನದ ಮಾಷ್ಟ್ರು. ನಾನಾಗ ಕೆಲಸಕ್ಕೆ ಹೊಸಬಳು. ಕಡಬದ ಕಡೆಯ ಒಂದು ಪ್ರೌಢಶಾಲೆಗೆ ಜೀವಶಾಸ್ತ್ರದ ಟೀಚರಾಗಿ ಸೇರಿದ್ದೆ, ನರಿಮೊಗರಿನ ಮನೆಯಿಂದ ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ಅವರು ನನಗಿಂತ ತುಂಬ ಹಿರಿಯರು. ಮೂರು ತಾಲೂಕುಗಳ ಮಕ್ಕಳಿಗೆ ನಡೆಯುವ ಒಂದು ಪರೀಕ್ಷೆಗೆ ಪ್ರಶ್ನೆ ತೆಗೆಯಲು ನಮ್ಮಿಬ್ಬರನ್ನು ಜೋಡಿ ಮಾಡಿದ್ದರು. ನಾನು ಬರೆದುಕೊಂಡು ಹೋದ ಹಾಳೆಯನ್ನು ಅವರು ಐವರ್ನಾಡಿನ ತಮ್ಮ ಮನೆಯ ಜಗಲಿಯಲ್ಲಿ ಹರಡಿಕೊಂಡು ಕೂತರು. ಪಕ್ಕದ ಕೊಟ್ಟಿಗೆಯಿಂದ ಒಣಗಲು ಹಾಕಿದ ರಬ್ಬರ್ ಶೀಟಿನ ವಾಸನೆ ಬರುತ್ತಿತ್ತು. ನನ್ನ ಮೊದಲ ಪ್ರಶ್ನೆಯ ಕೆಳಗಿನ ನಾಲ್ಕು ಉತ್ತರಗಳ ಮೇಲೆ ಅವರು ತಮ್ಮ ಅಗಲವಾದ ಅಂಗೈಯನ್ನು ಇಟ್ಟರು.

"ಈಗ ಓದಿ ಟೀಚರೇ, ಬರೀ ಪ್ರಶ್ನೆ" ಎಂದರು.

ಓದಿದೆ. ಅಪಧಮನಿಗಳ ಬಗ್ಗೆ ಈ ಕೆಳಗಿನವುಗಳಲ್ಲಿ ಯಾವುದು ಸರಿಯಲ್ಲ?

"ಉತ್ತರ ಎಂತ?"

"ಕೈ ತೆಗೀರಿ ಸರ್, ಹೇಳ್ತೇನೆ."

"ಕೈ ತೆಗೆಯುದಿಲ್ಲ. ಅಪಧಮನಿ ಎಂದರೆ ಎಂತ ಅಂತ ನಿಮಗೆ ಗೊತ್ತುಂಟು. ಆದ್ರೂ ಉತ್ತರ ಹೇಳ್ಲಿಕ್ಕೆ ಆಗ್ಲಿಲ್ಲ. ಯಾಕೆ? ನೀವು ಕೇಳಿದ್ದು ಪ್ರಶ್ನೆಯೇ ಅಲ್ಲ ಮಾರಾಯ್ರೆ, ಕಣ್ಣಾಮುಚ್ಚಾಲೆ."

ನನಗೆ ಸಿಟ್ಟು ಬಂದಿತ್ತು. ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುವಂಥದ್ದು, ಈಗಲೂ ಹಾಗೇ. ಆದರೆ ಅವರು ನಗುತ್ತಾ ವಿವರಿಸಿದರು. ಇಂಥ ಪ್ರಶ್ನೆ ಸೋಮಾರಿಯ ಪ್ರಶ್ನೆ. ಒಳ್ಳೆಯ ಪ್ರಶ್ನೆಗೆ, ನಿಜವೆಂದು ತೋರುವ ಮೂರು ತಪ್ಪು ಉತ್ತರಗಳನ್ನು ಹುಡುಕಬೇಕು, ಅದಕ್ಕೆ ತಲೆ ಓಡಬೇಕು. ‘ಸರಿಯಲ್ಲ’ ಎಂದು ಕೇಳಿಬಿಟ್ಟರೆ ಪುಸ್ತಕದಿಂದ ಮೂರು ನಿಜ ವಾಕ್ಯ ಎತ್ತಿ ಹಾಕಿ, ಒಂದು ಸುಳ್ಳು ಸೇರಿಸಿದರೆ ಮುಗಿಯಿತು. ಮಗು ಎಂತ ಮಾಡುತ್ತದೆ? ಅಪಧಮನಿ ಎಂಬ ಶಬ್ದ ಕಂಡ ಕೂಡಲೇ ಅದರ ತಲೆಯಲ್ಲಿ ಅಪಧಮನಿಯ ಬಗ್ಗೆ ಗೊತ್ತಿದ್ದದ್ದೆಲ್ಲ ಎದ್ದು ಕೂರುತ್ತದೆ. ಕಣ್ಣು ಮೊದಲ ಉತ್ತರದ ಮೇಲೆ ಬೀಳುತ್ತದೆ: ಹೃದಯದಿಂದ ರಕ್ತವನ್ನು ಹೊರಕ್ಕೆ ಒಯ್ಯುತ್ತದೆ. ಹೌದಲ್ಲ, ಸರಿ ಉಂಟಲ್ಲ! ಅಲ್ಲಿಗೇ ಗುರುತು ಹಾಕಿ ಮುಂದೆ ಹೋಗುತ್ತದೆ. ನಿಜ ಕಂಡರೆ ಹಿಡಿದುಕೊಳ್ಳಲು ನಾವೇ ಒಂದನೇ ಕ್ಲಾಸಿನಿಂದ ಕಲಿಸಿದ್ದು, ಈಗ ಒಂದು ಶಬ್ದ ಇಟ್ಟು ಅದನ್ನೇ ತಪ್ಪು ಮಾಡಿದರೆ ಹೇಗೆ ಎಂದರು.

ಆಮೇಲೆ ನನ್ನ ಪ್ರಶ್ನೆಯನ್ನು ನಾವು ತಿದ್ದಿದೆವು. ಉದ್ದಕ್ಕೂ ಕವಾಟಗಳಿರುವುದು ಯಾವ ರಕ್ತನಾಳದಲ್ಲಿ? ಅಂಗೈ ಇಟ್ಟು ಓದಿದರೂ ಉತ್ತರ ಬಂತು: ಅಭಿಧಮನಿ. ಅದೇ ವಿಷಯ, ಅದೇ ತಿಳುವಳಿಕೆ, ಬೀಳಿಸುವ ಗುಂಡಿ ಇಲ್ಲ. ಅವರ ಹೆಂಡತಿ ತಂದಿಟ್ಟ ಬನ್ಸ್ ತಿನ್ನುತ್ತಾ ನಾನು ಮನಸ್ಸಿನಲ್ಲೇ ಅವರಿಗೆ ಶಿಷ್ಯಳಾದೆ.

ಅಲ್ಲಿಂದ ಮುಂದೆ ಪ್ರತಿವರ್ಷ ಅದೇ ಜಗಲಿ, ಅದೇ ಕ್ರಮ. ಒಬ್ಬರು ಬರೆದದ್ದನ್ನು ಇನ್ನೊಬ್ಬರು ಅಂಗೈ ಮುಚ್ಚಿ ಓದುವುದು. ಉತ್ತರ ತಾನಾಗಿ ಬಂದರೆ ಪ್ರಶ್ನೆ ಉಳಿಯಿತು, ಇಲ್ಲದಿದ್ದರೆ ಹೊಸತು ಬರೆಯುವುದು. ‘ಅಲ್ಲ’ ಬೇಕೇ ಬೇಕಾದ ಜಾಗ ಒಂದೆರಡು ಉಂಟು. ಆಮ್ಲವನ್ನು ತೆಳುಗೊಳಿಸುವಾಗ ಯಾವುದನ್ನು ಮಾಡಬಾರದು ಎಂದು ಕೇಳಬೇಕಾಗುತ್ತದೆ, ಯಾಕೆಂದರೆ ಅಲ್ಲಿ ಮಾಡಬಾರದ್ದನ್ನು ತಿಳಿದಿರುವುದೇ ಪಾಠ. ಅಂಥ ಕಡೆ ಆ ಶಬ್ದವನ್ನು ದಪ್ಪಕ್ಷರದಲ್ಲಿ ಹಾಕಿಸಿ, ಕೆಳಗೆ ಗೆರೆ ಎಳೆಸುತ್ತಿದ್ದೆವು. ಅಷ್ಟು ಬಿಟ್ಟರೆ ನಮ್ಮ ಪತ್ರಿಕೆಯಲ್ಲಿ ‘ಹೊರತುಪಡಿಸಿ’ಗೂ ‘ಸರಿಯಲ್ಲ’ಕ್ಕೂ ಪ್ರವೇಶ ಇರಲಿಲ್ಲ. ಕ್ಲಾಸಿನಲ್ಲಿ ಕೂಡ ನಾನು ಮಕ್ಕಳಿಗೆ ಹೇಳುತ್ತಿದ್ದೆ, ನನ್ನ ಪ್ರಶ್ನೆ ನಿಮ್ಮನ್ನು ಬೀಳಿಸಲಿಕ್ಕೆ ಅಲ್ಲ, ಗೊತ್ತಿದ್ದವರು ಧೈರ್ಯದಲ್ಲಿ ಬರೆಯಿರಿ ಅಂತ. ಹಾಗೆ ಹೇಳುವಾಗ ನನಗೆ ಸ್ವಲ್ಪ ಜಂಬವೂ ಇತ್ತು ಎನ್ನಿ.

ಪರೀಕ್ಷೆಯ ಬಗ್ಗೆ ಹೇಳಬೇಕು. ಹತ್ತನೇ ಕ್ಲಾಸಿನ ಮಕ್ಕಳಲ್ಲಿ ಕೆಲವರನ್ನು ಆರಿಸಿ, ಎರಡು ವರ್ಷ ಹಾಸ್ಟೆಲಿನಲ್ಲಿಟ್ಟು, ಪಿಯು ವಿಜ್ಞಾನ ಓದಿಸುವ ಒಂದು ಟ್ರಸ್ಟ್ ಉಂಟು. ಊಟ, ಪುಸ್ತಕ, ಫೀಸು ಎಲ್ಲ ಅವರದ್ದೇ. ಸೀಟು ಬೆರಳೆಣಿಕೆಯಷ್ಟು. ಪುತ್ತೂರಿನಲ್ಲಿ ಒಂದು ಭಾನುವಾರ ಪರೀಕ್ಷೆ ನಡೆಯುತ್ತದೆ, ನಾಲ್ಕು ಉತ್ತರಗಳಲ್ಲಿ ಒಂದಕ್ಕೆ ಪೆನ್ನಿನಿಂದ ವೃತ್ತ ತುಂಬುವ ಪರೀಕ್ಷೆ. ನಮ್ಮ ಕಡೆಯ ಎಷ್ಟೋ ಮಕ್ಕಳು ಲ್ಯಾಬು, ನರ್ಸಿಂಗು, ಇಂಜಿನಿಯರಿಂಗು ಎಂದು ಹೋದದ್ದು ಆ ಬಾಗಿಲಿನಿಂದಲೇ.

ಎರಡು ವರ್ಷದ ಹಿಂದೆ ನನ್ನ ಕ್ಲಾಸಿನಲ್ಲಿ ಒಬ್ಬಳು ಹುಡುಗಿ ಇದ್ದಳು. ಕೋಡಿಂಬಾಳದ ಕಡೆಯ ಬ್ಯಾರಿ ಮುಸ್ಲಿಮರ ಮನೆಯವಳು. ಅಪ್ಪ ಗಲ್ಫಿನಲ್ಲಿ ಯಾರದ್ದೋ ಅಂಗಡಿಯಲ್ಲಿ ಕೆಲಸಕ್ಕಿದ್ದರು. ಮನೆಯಲ್ಲಿ ಉಮ್ಮ, ಅಂದರೆ ಅಮ್ಮ, ಅಜ್ಜಿ, ಇವಳು ಮತ್ತು ತಂಗಿಯರು. ಅಜ್ಜಿಗೆ ಸಕ್ಕರೆ ಕಾಯಿಲೆ. ಬೆಳಿಗ್ಗೆ ಶಾಲೆಗೆ ಹೊರಡುವ ಮೊದಲು ಅಜ್ಜಿಗೆ ಇನ್ಸುಲಿನ್ ಚುಚ್ಚುವವಳು ಇವಳೇ. ಉಮ್ಮನಿಗೆ ಸೂಜಿ ಕಂಡರೆ ಕೈ ನಡುಗುತ್ತದಂತೆ. ನಾನು ಗ್ರಂಥಿಗಳ ಪಾಠ ಮಾಡುವಾಗ ಇವಳು ಎದ್ದು ನಿಂತು, ಊಟಕ್ಕೆ ಎಷ್ಟು ಹೊತ್ತು ಮೊದಲು ಚುಚ್ಚಬೇಕು, ಯಾಕೆ ಮಾತ್ರೆಯಾಗಿ ನುಂಗಬಾರದು ಎಂದೆಲ್ಲ ಹೇಳಿ ಇಡೀ ಕ್ಲಾಸನ್ನು ಬಾಯಿ ಬಿಟ್ಟು ಕೇಳುವ ಹಾಗೆ ಮಾಡಿದ್ದಳು. ನುಂಗಿದರೆ ಹೊಟ್ಟೆಯಲ್ಲಿ ಅದು ಬೇಳೆಯ ಹಾಗೆ ಜೀರ್ಣ ಆಗಿಬಿಡ್ತದೆ ಟೀಚರ್, ಎಂದಿದ್ದಳು. ಅವಳಿಗೆ ರಕ್ತ ಪರೀಕ್ಷೆ ಮಾಡುವ ಲ್ಯಾಬಿನ ಕೆಲಸವೇ ಬೇಕಿತ್ತು. ಕಡಬದ ಪೇಟೆಯಲ್ಲಿ ಅಜ್ಜಿಯ ರಕ್ತ ಕೊಟ್ಟು ಕಾಯುವಾಗ ಒಳಗೆ ಎಂತ ಮಾಡ್ತಾರೆ ಅಂತ ಬಾಗಿಲ ಸಂದಿಯಿಂದ ನೋಡ್ತೇನೆ ಎಂದು ಒಮ್ಮೆ ನನ್ನಲ್ಲಿ ಹೇಳಿದ್ದಳು.

ಅವಳ ಉಮ್ಮ ಶಾಲೆಗೆ ಬಂದು ವಿಷಯವನ್ನು ಸ್ಪಷ್ಟವಾಗಿಯೇ ಹೇಳಿದರು. "ಟೀಚರ್, ಅವಳ ಅಪ್ಪ ಫೋನಿನಲ್ಲಿ ಹೇಳಿದ್ದಾರೆ. ಆ ಸೀಟು ಸಿಕ್ಕಿದ್ರೆ ಹಾಸ್ಟೆಲಿಗೆ ಕಳಿಸುವ, ಅದು ಒಳ್ಳೆ ಜಾಗ. ಸಿಗದಿದ್ರೆ ಇಲ್ಲೇ ಹತ್ತಿರದ ಕಾಲೇಜು." ಹತ್ತಿರ, ಅಂದರೆ ನಡೆದು ಹೋಗಬಹುದಾದ ಕಾಲೇಜಿನಲ್ಲಿ ಇದ್ದದ್ದು ಆರ್ಟ್ಸ್ ಮತ್ತು ಕಾಮರ್ಸ್. ಅವರ ಮಾತಿನಲ್ಲಿ ಹಟವೂ ಇರಲಿಲ್ಲ, ಬೇಡ ಎನ್ನುವ ಮನಸ್ಸೂ ಇರಲಿಲ್ಲ. ಅವರಿಗೆ ಆಗುವುದು ಅಷ್ಟೇ. ಸಿಕ್ಕೇ ಸಿಗ್ತದೆ, ನೀವು ಪೆಟ್ಟಿಗೆ ತಯಾರು ಮಾಡಿ, ಎಂದು ನಾನೇ ನಗಾಡಿದ್ದೆ.

ಆ ವರ್ಷ ಜಗಲಿಯ ಕೂಟ ನಡೆಯಲಿಲ್ಲ. ಮಾಷ್ಟ್ರು ಆಗ ಪರೀಕ್ಷೆಯ ಮುಖ್ಯಸ್ಥರಾಗಿದ್ದರು. ಫೋನು ಮಾಡಿ, "ಟೀಚರೇ, ನೀವು ಪ್ರಶ್ನೆ ಬರೆದು ಕಳಿಸಿ, ಸಾಕು. ಅಷ್ಟು ದೂರದಿಂದ ಬಸ್ಸು ಬದಲಾಯಿಸಿ ಬರುದು ಬೇಡ. ಅಚ್ಚಿನ ಕೆಲಸ ಎಲ್ಲ ನಾನು ನೋಡಿಕೊಳ್ತೇನೆ" ಎಂದರು. ನನ್ನ ಮೇಲೆ ಕಾಳಜಿ ಎಂದು ತಿಳಿದು ಖುಷಿಪಟ್ಟೆ. ಮನೆಯಲ್ಲಿ ಒಬ್ಬಳೇ ಕೂತು, ನನ್ನದೇ ಎಡಗೈಯಿಂದ ಮುಚ್ಚಿ, ಒಂದೊಂದನ್ನೂ ಓದಿ ನೋಡಿ ಕಳಿಸಿದೆ. ಈ ಸಲ ಒಂದು ಪ್ರಶ್ನೆಯಲ್ಲಿ ರಬ್ಬರ್ ತೋಟವನ್ನೂ ತಂದಿದ್ದೆ. ಚಳಿಗಾಲದಲ್ಲಿ ರಬ್ಬರ್ ಮರ ಎಲೆ ಉದುರಿಸಿ ಬೋಳಾಗುವುದನ್ನು ನಮ್ಮ ಮಕ್ಕಳು ಕಂಡೇ ಕಂಡಿರುತ್ತಾರೆ. ಎಲೆಯ ಜೊತೆಗೆ ಮರ ತನ್ನ ತ್ಯಾಜ್ಯವನ್ನೂ ಕಳೆದುಕೊಳ್ಳುತ್ತದೆ ಎಂಬುದು ಅವರ ಪಾಠದಲ್ಲಿ ಉಂಟು. ಪುಸ್ತಕದ್ದು ತೋಟದಲ್ಲಿ ಕಾಣಲಿ ಎಂದು ನಾನು ಯಾವಾಗಲೂ ಹೀಗೆ ಒಂದೆರಡು ಸೇರಿಸುವುದು.

ಪರೀಕ್ಷೆಯ ದಿನ ನಮ್ಮ ಶಾಲೆಯ ಮಕ್ಕಳನ್ನು ಪುತ್ತೂರಿಗೆ ಕರೆದುಕೊಂಡು ಹೋಗಿ ಹೊರಗೆ ಮರದಡಿಯಲ್ಲಿ ಕೂತಿದ್ದೆ. ಪ್ರಶ್ನೆ ತೆಗೆದವರು ಒಳಗೆ ಕಾಲಿಡುವಂತಿಲ್ಲ, ಪ್ರಶ್ನೆಪತ್ರಿಕೆಯನ್ನು ಮಕ್ಕಳು ಹೊರಗೆ ತರುವಂತೆಯೂ ಇಲ್ಲ. ಗಂಟೆ ಬಾರಿಸಿದ ಮೇಲೆ ಇವಳು ಬಂದಳು. ಮುಖ ಅರಳಿತ್ತು.

"ಹೇಗಿತ್ತು?"

"ಎಲ್ಲ ಗೊತ್ತಿದ್ದದ್ದೇ ಟೀಚರ್. ಸಮಯ ಉಳೀತು."

ಈಗ ಯೋಚಿಸಿದರೆ ಅದೇ ನನಗೆ ಹೆಚ್ಚು ಹೊಟ್ಟೆ ಉರಿಸುವುದು. ಗೊತ್ತಿಲ್ಲದೆ ತಪ್ಪಾದರೆ ಮಗುವಿಗೆ ಒಳಗೊಳಗೇ ಗೊತ್ತಿರುತ್ತದೆ, ಮುಖ ಸಪ್ಪಗಿರುತ್ತದೆ. ಇಲ್ಲಿ ಹಾಗಲ್ಲ. ಪ್ರತಿ ಸಲವೂ ನಿಜವನ್ನು ಕಂಡು, ಗುರುತಿಸಿ, ವೃತ್ತ ತುಂಬಿ, ಸಂತೋಷದಲ್ಲೇ ಎದ್ದು ಬಂದಿದ್ದಾಳೆ. ಬಸ್‌ಸ್ಟ್ಯಾಂಡಿನ ಹತ್ತಿರ ಎಲ್ಲರಿಗೂ ಗೋಳಿಬಜೆ ಕೊಡಿಸಿದೆ. ಇವಳು ತನ್ನದರಲ್ಲಿ ಎರಡನ್ನು ಕಾಗದದಲ್ಲಿ ಸುತ್ತಿ ತಂಗಿಯರಿಗೆಂದು ಚೀಲಕ್ಕೆ ಹಾಕಿಕೊಂಡಳು.

ಉತ್ತರದ ಹಾಳೆಗಳನ್ನು ಯಂತ್ರ ಓದಿದ ಮೇಲೆ ಪ್ರಶ್ನೆ ತೆಗೆದವರನ್ನು ಒಂದು ಮಧ್ಯಾಹ್ನ ಪುತ್ತೂರಿಗೆ ಕರೆಸುವುದು ಕ್ರಮ. ಯಾವ ಪ್ರಶ್ನೆಗೆ ಎಷ್ಟು ಮಂದಿ ಯಾವ ಉತ್ತರ ಆರಿಸಿದರು ಎಂದು ಕಂಪ್ಯೂಟರಿನಲ್ಲಿ ನೋಡಿ, ಅಚ್ಚಿನ ತಪ್ಪು ಏನಾದರೂ ಇದ್ದರೆ ಹೇಳಬೇಕು. ಮಾಷ್ಟ್ರು ಮುಂದಿನ ಕುರ್ಚಿಯಲ್ಲಿದ್ದರು. ನಾನು ಮೊದಲು ಹುಡುಕಿದ್ದು ನನ್ನ ಹುಡುಗಿಯನ್ನೇ, ಸುಳ್ಳು ಯಾಕೆ ಹೇಳಲಿ. ಗಣಿತದಲ್ಲಿ ಚೆನ್ನಾಗಿತ್ತು, ಭೌತಶಾಸ್ತ್ರದಲ್ಲೂ. ಜೀವಶಾಸ್ತ್ರದಲ್ಲಿ ಬಿದ್ದಿದ್ದಳು. ನನ್ನ ವಿಷಯದಲ್ಲಿ! ಸೀಟಿನ ಗೆರೆಗಿಂತ ಸ್ವಲ್ಪವೇ ಕೆಳಗೆ ಅವಳ ಸಂಖ್ಯೆ ಇತ್ತು.

ಪ್ರಶ್ನೆಗಳ ಸಾಲನ್ನು ನೋಡತೊಡಗಿದೆ. ಅಲ್ಲಿ ಕಂಡದ್ದು ತಲೆಕೆಳಗಾದ ಲೆಕ್ಕ. ಒಂದು ಪ್ರಶ್ನೆ ಕಷ್ಟವಾದರೆ ಬಲ್ಲ ಮಕ್ಕಳು ಹೆಚ್ಚು ಸರಿ ಮಾಡುತ್ತಾರೆ, ಬಾರದವರು ತಪ್ಪುತ್ತಾರೆ. ಇಲ್ಲಿ ಉಳಿದ ವಿಷಯಗಳಲ್ಲಿ ಮುಂದಿದ್ದ ಮಕ್ಕಳೇ ಒಟ್ಟಾಗಿ ತಪ್ಪಿದ್ದರು, ಅದೂ ಒಂದೇ ಉತ್ತರಕ್ಕೆ, ‘ಎ’ಗೆ. ಹಿಂದಿದ್ದ ಮಕ್ಕಳು ನಾಲ್ಕೂ ಕಡೆ ಚೆದುರಿದ್ದರು. ಊಹೆಯಲ್ಲಿ ಗುರುತು ಹಾಕಿದವರಿಗೆ ಕೂಡ ಅಷ್ಟಿಷ್ಟು ಅಂಕ ಬಿದ್ದಿತ್ತು. ತಿಳಿದವರು ಗುಂಪಾಗಿ ಒಂದೇ ತಪ್ಪಿಗೆ ಹೋಗಿ ಬಿದ್ದಿದ್ದಾರೆಂದರೆ, ತಪ್ಪು ಅವರ ತಿಳುವಳಿಕೆಯಲ್ಲಿ ಇರುವುದು ಕಡಿಮೆ, ಕೇಳಿದ್ದರಲ್ಲೇ ಏನೋ ಇರುತ್ತದೆ. ಕೀ ಉತ್ತರ ಅದಲುಬದಲಾಗಿದೆ ಎಂದುಕೊಂಡು ಪ್ರಶ್ನೆಪತ್ರಿಕೆ ಕೇಳಿ ತರಿಸಿದೆ.

ಕೀ ಉತ್ತರ ಸರಿಯಾಗಿತ್ತು. ಪ್ರಶ್ನೆ ನನ್ನದಾಗಿರಲಿಲ್ಲ.

ಅಪಧಮನಿಗಳ ಬಗ್ಗೆ ಈ ಕೆಳಗಿನವುಗಳಲ್ಲಿ ಯಾವುದು ಸರಿಯಲ್ಲ? ವರ್ಷಗಳ ಹಿಂದೆ ಆ ಜಗಲಿಯಲ್ಲಿ ಹೊರಗೆ ಹಾಕಿದ ನನ್ನ ಅದೇ ಹಳೆಯ ಪ್ರಶ್ನೆ ವಾಪಸು ಬಂದು ಕೂತಿತ್ತು. ಮುಂದಿನದ್ದು: ಒಂದನ್ನು ಹೊರತುಪಡಿಸಿ ಈ ಕೆಳಗಿನ ಎಲ್ಲವೂ ಜೀರ್ಣಕ್ರಿಯೆಯ ಕಿಣ್ವಗಳು, ಪೆಪ್ಸಿನ್, ಟ್ರಿಪ್ಸಿನ್, ಲೈಪೇಸ್, ಇನ್ಸುಲಿನ್. ಇನ್ನೊಂದರಲ್ಲಿ ಕೆಂಪು ರಕ್ತಕಣಗಳ ಬಗ್ಗೆ ಯಾವುದು ಸರಿಯಲ್ಲ ಎಂದು ಕೇಳಿ, ಉತ್ತರಗಳಲ್ಲಿ ಮತ್ತೆ ‘ಪ್ರೌಢ ಕಣದಲ್ಲಿ ಕೋಶಕೇಂದ್ರ ಇರುವುದಿಲ್ಲ’ ಎಂದು ಹಾಕಿದ್ದರು. ಇಲ್ಲದಿರುವುದು ಸರಿಯಲ್ಲವೋ ಎಂದು ಬಿಡಿಸಿಕೊಳ್ಳುವುದರಲ್ಲಿ ದೊಡ್ಡವರಿಗೇ ತಲೆ ತಿರುಗಬೇಕು, ಹದಿನೈದರ ಮಕ್ಕಳ ಪಾಡೇನು? ನನ್ನ ರಬ್ಬರ್ ತೋಟವನ್ನೂ ಬಿಟ್ಟಿರಲಿಲ್ಲ. ರಬ್ಬರ್ ಮರ ಎಲೆ ಉದುರಿಸುವುದನ್ನು ಹೇಳುವ ನನ್ನ ಮೊದಲ ವಾಕ್ಯ ಹಾಗೇ ಇತ್ತು. ಅದರ ಬಾಲಕ್ಕೆ, ಸಸ್ಯಗಳು ತ್ಯಾಜ್ಯವನ್ನು ನಿಭಾಯಿಸುವ ವಿಧಾನ ಇವುಗಳಲ್ಲಿ ಯಾವುದು ಅಲ್ಲ ಎಂದು ಕಟ್ಟಿದ್ದರು. ‘ಎ’ ಉತ್ತರ: ಎಲೆ ಉದುರಿಸುವುದು. ದಪ್ಪಕ್ಷರ ಇಲ್ಲ, ಗೆರೆ ಇಲ್ಲ. ಎಲ್ಲ ಕಡೆ ಅತಿ ಪರಿಚಯದ ನಿಜವನ್ನೇ ಬಾಗಿಲಲ್ಲಿ ನಿಲ್ಲಿಸಿದ್ದರು.

ನನ್ನ ಹುಡುಗಿ ‘ಪೆಪ್ಸಿನ್’ಗೆ ವೃತ್ತ ತುಂಬಿದ್ದಳು. ಬೆಳಿಗ್ಗೆ ತಾನೇ ಅಜ್ಜಿಗೆ ಇನ್ಸುಲಿನ್ ಚುಚ್ಚಿ ಬಂದವಳಿಗೆ, ಇನ್ಸುಲಿನ್ ಜೀರ್ಣಕ್ರಿಯೆಯ ಕಿಣ್ವ ಅಲ್ಲ ಎಂಬುದು ಗೊತ್ತಿಲ್ಲ ಎಂದು ಆ ಯಂತ್ರ ತೀರ್ಮಾನ ಮಾಡಿತ್ತು.

ಕೋಣೆಯಲ್ಲಿ ಬೇರೆಯವರಿದ್ದರು. ಆದರೂ ನನ್ನ ದನಿ ಏರಿತು. "ಮಾಷ್ಟ್ರೇ, ಇದು ಯಾರು ಮಾಡಿದ್ದು?"

ಅವರು ಕನ್ನಡಕ ತೆಗೆದು ಒರೆಸಿದರು. "ನಾನೇ. ಕೂಗಬೇಡಿ ಟೀಚರೇ. ಹೋದ ವರ್ಷ ತುಂಬ ಮಕ್ಕಳಿಗೆ ಸಮ ಸಮ ಅಂಕ ಬಂತು, ಆರಿಸ್ಲಿಕ್ಕೆ ಆಗ್ಲಿಲ್ಲ ಅಂತ ಟ್ರಸ್ಟಿನವರು ಹೇಳಿದ್ರು. ಸ್ವಲ್ಪ ಗಟ್ಟಿ ಮಾಡಿ ಅಂದ್ರು. ಸಮಯ ಎಲ್ಲಿತ್ತು? ನಿಮ್ಮ ಪ್ರಶ್ನೆಗಳೇ ಅಲ್ವಾ, ಸ್ವಲ್ಪ ತಿರುಗಿಸಿ ಹಾಕಿದ್ದು ಅಷ್ಟೆ."

"ಗಟ್ಟಿ ಮಾಡುದೆಂದರೆ ಪಾಠದ ಆಳಕ್ಕೆ ಇಳಿಯುದು. ನೀವು ಮಾಡಿದ್ದು ದಾರಿಯಲ್ಲಿ ಬಾಳೆಹಣ್ಣಿನ ಸಿಪ್ಪೆ ಹಾಕಿದ ಹಾಗೆ. ಚಂದ ನಡೀಲಿಕ್ಕೆ ಬರುವವರೇ ಬಿದ್ದಿದ್ದಾರೆ, ನೋಡಿ ಇಲ್ಲಿ."

"ಪ್ರಶ್ನೆ ಸರಿ ಓದುದೂ ಒಂದು ಪರೀಕ್ಷೆಯೇ."

"ಹಾಗಾದ್ರೆ ಅಂಗೈ ಇಡಿ" ಎಂದೆ. ಪತ್ರಿಕೆಯನ್ನು ಅವರ ಮುಂದೆ ನೂಕಿ ಅಪಧಮನಿಯ ಪ್ರಶ್ನೆಯನ್ನು ತೋರಿಸಿದೆ. "ಆಯ್ಕೆ ಮುಚ್ಚಿ. ಓದಿ. ಉತ್ತರ ಹೇಳಿ, ನಾನು ಸುಮ್ಮನೆ ಎದ್ದು ಹೋಗ್ತೇನೆ."

ಅವರ ಕೈ ಮೇಜಿನ ಮೇಲೆಯೇ ಇತ್ತು. ಅದು ಅಲ್ಲಿಂದ ಕದಲಲಿಲ್ಲ. ಚಾ ಬಂತು, ಎಲ್ಲರೂ ಲೋಟ ಎತ್ತಿಕೊಂಡರು.

ಅಷ್ಟಕ್ಕೇ ಮುಗಿದಿದ್ದರೆ ನಾನು ಅದನ್ನು ಆತುರ ಎನ್ನುತ್ತಿದ್ದೆ, ದಾಕ್ಷಿಣ್ಯ ಎನ್ನುತ್ತಿದ್ದೆ. ಅಷ್ಟು ವರ್ಷ ಗುರು ಎಂದುಕೊಂಡವರನ್ನು ಒಂದೇ ಮಧ್ಯಾಹ್ನದಲ್ಲಿ ಬಿಟ್ಟುಕೊಡಲು ಮನಸ್ಸು ಒಪ್ಪುವುದಿಲ್ಲ. ಆದರೆ ಆಯ್ಕೆಯಾದ ಮಕ್ಕಳು ತಂದೆ ತಾಯಿಯೊಂದಿಗೆ ಬರುವ ದಿನ ನಾನು ಮತ್ತೆ ಪುತ್ತೂರಿಗೆ ಹೋದೆ. ಆ ಪ್ರಶ್ನೆಗಳನ್ನು ಎಲ್ಲರಿಗೂ ಕೈಬಿಟ್ಟು ಮತ್ತೊಮ್ಮೆ ಎಣಿಸಿ ಎಂದು ಟ್ರಸ್ಟಿನವರನ್ನು ಕೇಳುವುದು ನನ್ನ ಉದ್ದೇಶ. ಟ್ರಸ್ಟಿನ ಕಚೇರಿಯ ಜಗಲಿಯಲ್ಲಿ ಕಾಯುತ್ತಿದ್ದಾಗ ಪಕ್ಕದ ಬೆಂಚಿನಲ್ಲಿ ಒಬ್ಬಳು ಹುಡುಗಿ ಕೂತಿದ್ದಳು, ಮಾಷ್ಟ್ರ ಶಾಲೆಯವಳು. ಅವರ ಶಾಲೆಯಿಂದ ಆ ವರ್ಷ ಹೆಚ್ಚು ಮಕ್ಕಳು ಆಯ್ಕೆಯಾಗಿದ್ದರು. ಸುಮ್ಮನೆ ಮಾತಿಗೆ ಎಳೆದೆ, ಜೀವಶಾಸ್ತ್ರ ಕಷ್ಟ ಇತ್ತಾ ಎಂದು.

"ಇಲ್ಲ ಟೀಚರ್" ಎಂದಳು, ಪಾಪ, ಯಾವ ಕಪಟವೂ ಇಲ್ಲದೆ. "ಸರ್ ಪರೀಕ್ಷೆಗೆ ಮೊದಲಿನ ವಾರ ಇಡೀ ಅಂಥದ್ದೇ ಮಾಡ್ಸಿದ್ರು. ‘ಅಲ್ಲ’, ‘ಹೊರತುಪಡಿಸಿ’ ಕಂಡ್ರೆ ಮೊದಲು ಅದಕ್ಕೆ ಸುತ್ತ ಗೆರೆ ಹಾಕುದು. ಮತ್ತೆ ಒಂದೊಂದು ಆಯ್ಕೆಯ ಎದುರು ಹೌದು, ಅಲ್ಲ ಅಂತ ಬರೆಯುದು. ಮೂರಕ್ಕೆ ಹೌದು ಬಂದ್ರೆ ಉಳಿದದ್ದೇ ಉತ್ತರ. ತುಂಬ ಸುಲಭ."

ಸುಲಭವೇ. ಅದೇ ಸರಿಯಾದ ಮದ್ದು ಕೂಡ. ಆ ಶಬ್ದಕ್ಕೆ ಸುತ್ತ ಗೆರೆ ಬಿದ್ದರೆ ಕಣ್ಣು ನಿಲ್ಲುತ್ತದೆ, ಪ್ರತಿ ಉತ್ತರಕ್ಕೂ ಬೇರೆಯಾಗಿ ತೀರ್ಪು ಕೊಟ್ಟರೆ ಮೊದಲ ನಿಜಕ್ಕೇ ಬೆರಳು ಓಡುವುದು ತಪ್ಪುತ್ತದೆ. ನನ್ನ ಮಕ್ಕಳಿಗೂ ಕಲಿಸಬಹುದಿತ್ತು, ಯಾರಾದರೂ ಹೇಳಿದ್ದರೆ. ರೋಗವನ್ನು ಎಲ್ಲರಿಗೂ ಹಂಚಿ, ಮದ್ದನ್ನು ತಮ್ಮ ಶಾಲೆಗೆ ಮಾತ್ರ ಇಟ್ಟುಕೊಂಡಿದ್ದರು ನನ್ನ ಮಾಷ್ಟ್ರು. ಬಸ್ಸು ಬದಲಾಯಿಸಿ ಬರುದು ಬೇಡ ಎಂಬ ಕಾಳಜಿಯ ಅರ್ಥ ನನಗೆ ಆ ಬೆಂಚಿನಲ್ಲಿ ಆಯಿತು. ನಂಬಿಸಿ ಕತ್ತು ಕೊಯ್ಯುವುದು ಎಂದು ಜನ ಹೇಳುವುದನ್ನು ಕೇಳಿದ್ದೆ. ಕತ್ತು ಕೊಯ್ಯುವಾಗಲೂ ಇಷ್ಟು ಸಲೀಸಾಗಿ, ನಯವಾಗಿ ಕೊಯ್ಯಬಹುದು ಎಂದು ಗೊತ್ತಿರಲಿಲ್ಲ.

ಟ್ರಸ್ಟಿನವರು ನನ್ನ ಮಾತನ್ನು ತಾಳ್ಮೆಯಿಂದಲೇ ಕೇಳಿದರು. ಒಳ್ಳೆಯ ಜನ, ವ್ಯಾಪಾರಸ್ಥರು, ಪ್ರಶ್ನೆಪತ್ರಿಕೆಯ ಸೂಕ್ಷ್ಮ ಅವರಿಗೆ ಹೊಸದು. "ಉತ್ತರ ತಪ್ಪಿತ್ತಾ ಟೀಚರ್?" ಎಂದು ಕೇಳಿದರು. ಇಲ್ಲ ಎಂದೆ. "ಪಾಠದ ಹೊರಗಿನದ್ದಾ?" ಅದೂ ಅಲ್ಲ ಎಂದೆ. ಹಾಗಾದರೆ ಈಗ ಎಣಿಸಿದ್ದನ್ನು ಬದಲಾಯಿಸಿದರೆ, ಸರಿ ಬರೆದ ಮಕ್ಕಳಿಗೆ ಅನ್ಯಾಯ ಆಗುವುದಿಲ್ಲವೇ ಎಂದರು. ಬೆಂಚಿನಲ್ಲಿ ಕೂತಿದ್ದ ಆ ಮಗುವಿನ ಮುಖ ಕಣ್ಣೆದುರು ಬಂತು, ಅವಳು ಹೇಳಿದ ಒಂದು ವಾರದ ಅಭ್ಯಾಸದ ಸಂಗತಿಯನ್ನು ನನ್ನೊಳಗೇ ಇಟ್ಟುಕೊಂಡೆ. ಮುಂದಿನ ವರ್ಷದಿಂದ ನೋಡೋಣ ಎಂದರು. ಮಾಷ್ಟ್ರು ಅಷ್ಟು ಹೊತ್ತೂ ಕಿಟಕಿಯ ಹೊರಗೆ ನೋಡುತ್ತಿದ್ದರು.

ಮೆಟ್ಟಿಲಿಳಿಯುವಾಗ ಹಿಂದಿನಿಂದ ಬಂದರು. "ನನಗೆ ಇನ್ನು ಎರಡೇ ವರ್ಷ ನೌಕರಿ. ನಮ್ಮ ಶಾಲೆಗೆ ಮಕ್ಕಳೇ ಬರುದಿಲ್ಲ, ಮುಚ್ಚುವ ಮಾತು ಉಂಟು. ನಾಲ್ಕು ಮಕ್ಕಳು ಆಯ್ಕೆಯಾದ್ರೆ ಹೆಸರಾಗ್ತದೆ, ನಾಲ್ಕು ಮನೆಯವರು ಸೇರಿಸ್ತಾರೆ. ನಿಮಗೆ ಅರ್ಥ ಆಗ್ಬಹುದು ಟೀಚರೇ" ಎಂದರು.

ಅರ್ಥವಾಯಿತು. ಅರ್ಥವಾದ್ದರಿಂದ ಸಂಕಟ ಹೆಚ್ಚಾಯಿತೇ ಹೊರತು ಕಡಿಮೆಯಾಗಲಿಲ್ಲ. "ನನ್ನಲ್ಲಿ ಒಂದು ಮಾತು ಹೇಳಬಹುದಿತ್ತು" ಎಂದಷ್ಟೇ ಹೇಳಿ ಬಸ್ಸಿಗೆ ಹೋದೆ. ಆಮೇಲೆ ಅವರ ಫೋನು ಎರಡು ಮೂರು ಸಲ ಬಂತು. ನಾನು ಎತ್ತಲಿಲ್ಲ. ಎತ್ತಿದರೆ ಅವರು ನಗಿಸುತ್ತಾರೆ, ನಾನು ನಕ್ಕುಬಿಡುತ್ತೇನೆ ಎಂಬ ಹೆದರಿಕೆ.

ಸೀಟು ಸಿಗಲಿಲ್ಲ ಎಂದು ಹೇಳಿದ ದಿನ ಹುಡುಗಿ ಅಳಲಿಲ್ಲ. ಎಲ್ಲಿ ತಪ್ಪಿತು ಎಂದು ಮಾತ್ರ ಕೇಳಿದಳು. ಹೇಳಲು ನನಗೆ ಧೈರ್ಯ ಬರಲಿಲ್ಲ. ಎದುರಿಗೆ ಎಸ್ಸೆಸ್ಸೆಲ್ಸಿ ಪರೀಕ್ಷೆ ಇತ್ತು, ಈಗ ತಲೆ ಕೆಡಿಸಬೇಡ, ಆಮೇಲೆ ಹೇಳ್ತೇನೆ ಎಂದು ಮುಂದೂಡಿದೆ. ಆ ಪರೀಕ್ಷೆಯಲ್ಲಿ ಅವಳು ವಿಜ್ಞಾನದಲ್ಲಿ ನಮ್ಮ ಶಾಲೆಗೇ ಮೊದಲಿಗಳಾದಳು. ಹೆಡ್‌ಮಾಷ್ಟ್ರು ನನಗೆ ಅಭಿನಂದನೆ ಹೇಳಿದಾಗ ಎಲ್ಲಾದರೂ ಹೋಗಿ ಕೂತುಬಿಡೋಣ ಎನಿಸಿತು.

ಮೇ ಕೊನೆಗೆ ಟಿ.ಸಿ. ತೆಗೆದುಕೊಳ್ಳಲು ಉಮ್ಮನ ಜೊತೆ ಬಂದಳು. ಕಾಮರ್ಸಿಗೆ ಸೇರುವುದೆಂದು ತೀರ್ಮಾನವಾಗಿತ್ತು. ಉಮ್ಮ ಆಫೀಸಿನಲ್ಲಿ ಸಹಿ ಹಾಕುತ್ತಿದ್ದರು. ಇವಳು ನನ್ನ ಲ್ಯಾಬಿನ ಬಾಗಿಲಲ್ಲಿ ಬಂದು ನಿಂತಳು. ಒಳಗೆ ಕರೆದು ಕೂರಿಸಿದೆ. ಮೈಕ್ರೋಸ್ಕೋಪಿನ ಮೇಲಿನ ಬಟ್ಟೆಯನ್ನು ಅವಳೇ ತೆಗೆದು, ಮಡಚಿ, ಮತ್ತೆ ಹಾಸಿದಳು. ಇನ್ನು ಮುಂದೂಡುವಂತಿರಲಿಲ್ಲ. ಆ ಪ್ರಶ್ನೆಗಳನ್ನು ಒಂದೊಂದಾಗಿ ಹೇಳಿದೆ, ಅವಳು ಬರೆದದ್ದನ್ನೂ ಹೇಳಿದೆ, ತಿರುಗಿಸಿದ್ದು ಯಾರೆಂದು ಮಾತ್ರ ಹೇಳಲಿಲ್ಲ.

"ಛೆ! ಅದರಲ್ಲಿ ‘ಹೊರತುಪಡಿಸಿ’ ಇತ್ತಾ? ನನಗೆ ಕಾಣಲೇ ಇಲ್ಲ" ಎಂದು ಹಣೆ ಚಚ್ಚಿಕೊಂಡಳು. ಅಪಧಮನಿಯದ್ದೂ ಕಂಡಿರಲಿಲ್ಲ. ಆಮೇಲೆ ರಬ್ಬರ್ ತೋಟದ ಪ್ರಶ್ನೆಗೆ ಬಂದೆ.

"ಅದು ಕಂಡಿತ್ತು ಟೀಚರ್" ಎಂದಳು.

"ಕಂಡಿತ್ತಾ? ಕಂಡೂ ಎಲೆ ಉದುರಿಸುವುದಕ್ಕೆ ಹಾಕಿದೆಯಾ?"

"ರಬ್ಬರ್ ತೋಟ ಅಂತ ಓದಿದ ಕೂಡಲೇ ಅದು ನಿಮ್ಮ ಪ್ರಶ್ನೆ ಅಂತ ಗೊತ್ತಾಯ್ತು, ಖುಷಿಯೂ ಆಯ್ತು. ಕೊನೆಯಲ್ಲಿ ‘ಅಲ್ಲ’ ಅಂತ ಇತ್ತು. ನೀವು ಹಾಗೆ ಕೇಳುದಿಲ್ಲಲ್ಲ. ಅಚ್ಚಿನಲ್ಲಿ ತಪ್ಪಾಗಿರ್ಬೇಕು ಅಂತ ಅಂದುಕೊಂಡೆ." ನನ್ನ ಮುಖ ನೋಡಿದಳು. ಈಗಲೂ ಅವಳ ದನಿಯಲ್ಲಿ ನನ್ನ ಮೇಲೆ ನಂಬಿಕೆ ಇತ್ತು. "ಅದು ಅಚ್ಚಿನ ತಪ್ಪೇ ಅಲ್ವಾ, ಟೀಚರ್?"

ಹೊರಗೆ ಉಮ್ಮ ಅವಳನ್ನು ಕರೆಯುತ್ತಿದ್ದರು. ಅವಳು ಏಳಲಿಲ್ಲ, ಕಾದಳು.

"ಅಲ್ಲ" ಎಂದೆ.

ಆ ಶಬ್ದವನ್ನು ಅವಳು ಈ ಸಲ ಸರಿಯಾಗಿ ಕೇಳಿಸಿಕೊಂಡಳು. ಚೀಲವನ್ನು ಹೆಗಲಿಗೆ ಹಾಕಿಕೊಂಡು, ಬರ್ತೇನೆ ಟೀಚರ್ ಎಂದು ನನ್ನ ಮುಖ ನೋಡದೆ ಹೇಳಿ ಹೊರಗೆ ಹೋದಳು.